ಝೂಮ್ ರೆಕಾರ್ಡಿಂಗ್‌ಗಳಿಂದ ಲ್ಯಾಪ್‌ಟಾಪ್ ತುಂಬಿದಾಗ: ಮೊದಲು ಏನು ನೋಡಬೇಕು, ಯಾವುದನ್ನು ಉಳಿಸಬೇಕು

ಮನೆಯಿಂದ ಆನ್‌ಲೈನ್ ಟ್ಯೂಷನ್ ಮಾಡುವವರ, ಸಂಗೀತ ಹೇಳಿಕೊಡುವವರ, ಅಪಾರ್ಟ್‌ಮೆಂಟ್ ಸಂಘದ ಸಭೆ ನಡೆಸುವವರ ಲ್ಯಾಪ್‌ಟಾಪ್ ಒಂದಲ್ಲ ಒಂದು ದಿನ ಜಾಗವಿಲ್ಲ ಎಂದು ನಿಂತುಬಿಡುತ್ತದೆ. ಆಗ ಹೆಚ್ಚಿನವರು ಹಳೆಯ ರೆಕಾರ್ಡಿಂಗ್‌ಗಳನ್ನು ತಾರೀಖು ನೋಡಿ ಅಳಿಸತೊಡಗುತ್ತಾರೆ. ಇದು ತಪ್ಪು ಆರಂಭ. ಜಾಗ ತಿನ್ನುತ್ತಿರುವುದರಲ್ಲಿ ಅರ್ಧದಷ್ಟು ರೆಕಾರ್ಡಿಂಗೇ ಅಲ್ಲದಿರಬಹುದು. ಉಳಿದದ್ದರಲ್ಲೂ ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದೂ ಕಸವಾಗುವುದಿಲ್ಲ.

ಇಲ್ಲಿ ಹೇಳಿರುವುದು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಝೂಮ್ ಬಳಸಿ `Record on this Computer` ಒತ್ತಿ ಮಾಡಿದ ರೆಕಾರ್ಡಿಂಗ್‌ಗಳ ವಿಚಾರ. ಖರ್ಚಿಲ್ಲದ, ಏನನ್ನೂ ಅಳಿಸಬೇಕಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ. ಆ ಕ್ರಮವನ್ನು ಬದಲಿಸಬೇಡಿ.

## ಲಕ್ಷಣ: C ಡ್ರೈವ್ ಕೆಂಪಾಗಿದೆ, ಆದರೆ ಅಷ್ಟೊಂದು ರೆಕಾರ್ಡ್ ಮಾಡಿದ ನೆನಪಿಲ್ಲ

ಝೂಮ್ ತಾನಾಗಿ ರೆಕಾರ್ಡಿಂಗ್ ಇಡುವ ಜಾಗ `Documents` ಒಳಗಿನ `Zoom` ಫೋಲ್ಡರ್. ಪ್ರತಿ ಮೀಟಿಂಗಿಗೂ ಅಲ್ಲಿ ತಾರೀಖು, ಸಮಯ, ಮೀಟಿಂಗಿನ ಹೆಸರು ಸೇರಿದ ಒಂದು ಫೋಲ್ಡರ್ ಹುಟ್ಟುತ್ತದೆ. ಅದರೊಳಗೆ ವಿಡಿಯೊ ಒಂದು `.mp4`, ಬರೀ ಧ್ವನಿಯದು ಒಂದು `.m4a`, ಚಾಟ್ ನಡೆದಿದ್ದರೆ `chat.txt` ಇರುತ್ತವೆ. ತೀರಾ ಚಿಕ್ಕ ಫೈಲೊಂದನ್ನು ಬಿಟ್ಟರೆ ಒಂದು ಮೀಟಿಂಗಿಗೆ ಸಾಮಾನ್ಯವಾಗಿ ಇಷ್ಟೇ ಇರಬೇಕು. ಇದಕ್ಕಿಂತ ಹೆಚ್ಚು ಫೈಲ್‌ಗಳು ಕಂಡರೆ ಮೊದಲ ಸುಳಿವು ಸಿಕ್ಕಿತು ಎಂದುಕೊಳ್ಳಿ.

ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆದು ನೋಡುವ ಬದಲು ಯಾವ ಬಗೆಯ ಫೈಲ್ ಒಟ್ಟು ಎಷ್ಟು ಜಾಗ ಹಿಡಿದಿದೆ ಎಂದು ಲೆಕ್ಕ ತೆಗೆಯಬಹುದು. ಸ್ಟಾರ್ಟ್ ಮೆನುವಿನಲ್ಲಿ `PowerShell` ತೆರೆದು ಇದನ್ನು ಅಂಟಿಸಿ:

```
$z = Join-Path ([Environment]::GetFolderPath('MyDocuments')) 'Zoom'
Get-ChildItem $z -Recurse -File | Group-Object Extension |
  Select-Object Name, Count, @{n='GB';e={[math]::Round(($_.Group |
  Measure-Object Length -Sum).Sum/1GB,1)}}
```

ಇದು ಏನನ್ನೂ ಅಳಿಸುವುದಿಲ್ಲ, ಬದಲಿಸುವುದಿಲ್ಲ. ಬಗೆ, ಎಣಿಕೆ, ಒಟ್ಟು ಜಿಬಿ ಎಂದು ಮೂರು ಕಾಲಂ ತೋರಿಸುತ್ತದೆ.

ಒಂದು ಲೆಕ್ಕ ಹಿಡಿದು ನೋಡೋಣ. ರಾಜಾಜಿನಗರದ ಒಬ್ಬ ಟೀಚರ್ ದ್ವಿತೀಯ ಪಿಯು ಗಣಿತವನ್ನು ಎರಡು ಬ್ಯಾಚಿಗೆ ಹೇಳಿಕೊಡುತ್ತಾರೆ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಎಸ್‌ಎಸ್‌ಡಿ 256 ಜಿಬಿಯದು, ವಿಂಡೋಸ್ ಲೆಕ್ಕದಲ್ಲಿ ಸುಮಾರು 238. ವರ್ಷದಲ್ಲಿ ತಲಾ ಒಂದೂವರೆ ಗಂಟೆಯ 80 ಕ್ಲಾಸ್ ರೆಕಾರ್ಡ್ ಆಗಿವೆ. `Zoom` ಫೋಲ್ಡರ್ 56 ಜಿಬಿ ತೋರಿಸುತ್ತಿದೆ. ಅದರಲ್ಲಿ `.mp4` 24 ಜಿಬಿ, `.m4a` 13 ಜಿಬಿ, `.zoom` 19 ಜಿಬಿ. ನಿಜವಾದ ವಿಡಿಯೊ ಅರ್ಧಕ್ಕೂ ಕಡಿಮೆ. ಹಾಗಾದರೆ ಉಳಿದ 32 ಜಿಬಿ ಏನು?

`.zoom` ಎಂದರೆ ಮೀಟಿಂಗ್ ನಡೆಯುವಾಗ ಝೂಮ್ ಬರೆದುಕೊಳ್ಳುವ ಕಚ್ಚಾ ಫೈಲ್. ಮೀಟಿಂಗ್ ಮುಗಿದ ಮೇಲೆ ಅದನ್ನು `.mp4` ಮಾಡಿ ಕಚ್ಚಾ ಫೈಲನ್ನು ಝೂಮ್ ತಾನೇ ತೆಗೆದುಹಾಕಬೇಕು. ತೆಗೆಯದೆ ಉಳಿದಿದೆ ಎಂದರೆ ಕಾರಣ ಎರಡರಲ್ಲಿ ಒಂದು. ಝೂಮ್ ಸೆಟ್ಟಿಂಗ್ಸ್‌ನ `Recording` ಪುಟದಲ್ಲಿ `Keep temporary recording files` ಎಂಬುದಕ್ಕೆ ಟಿಕ್ ಬಿದ್ದಿರಬಹುದು, ಇಲ್ಲವೇ ಪರಿವರ್ತನೆ ಅರ್ಧಕ್ಕೆ ನಿಂತಿರಬಹುದು. ಒಂದೇ ಫೋಲ್ಡರಿನಲ್ಲಿ ಪೂರ್ತಿ ಓಡುವ `.mp4` ಮತ್ತು `.zoom` ಎರಡೂ ಇದ್ದರೆ ಮೊದಲನೆಯ ಕಾರಣ. ಟಿಕ್ ತೆಗೆಯಿರಿ, `.mp4` ಕೊನೆಯವರೆಗೆ ಓಡುತ್ತದೆಯೇ ಎಂದು ನೋಡಿ, ಆಮೇಲೆ `.zoom` ಅಳಿಸಿ. `.mp4` ಇಲ್ಲದೆ ಬರೀ `.zoom` ಇದ್ದರೆ ಅದನ್ನು ಮುಟ್ಟಬೇಡಿ. ಆ ಕ್ಲಾಸಿನ ಏಕೈಕ ಪ್ರತಿ ಅದೇ. ಅದರ ದಾರಿ ಕೆಳಗೆ ಬೇರೆ ಭಾಗದಲ್ಲಿದೆ.

ಇನ್ನು `.m4a`. 120 ಗಂಟೆಯ ಕ್ಲಾಸಿನ ಧ್ವನಿ ಮಾತ್ರವಾದರೆ ಈ ಲೆಕ್ಕದಲ್ಲಿ 4 ಜಿಬಿ ಆಸುಪಾಸು ಇರಬೇಕಿತ್ತು. ಮಿಕ್ಕ 9 ಜಿಬಿ `Audio Record` ಎಂಬ ಒಳಫೋಲ್ಡರ್‌ಗಳಲ್ಲಿ ಸಿಗುತ್ತದೆ. ಅದೇ `Recording` ಪುಟದಲ್ಲಿ `Record a separate audio file for each participant` ಎಂಬುದು ಚಾಲೂ ಇದ್ದರೆ ಕ್ಲಾಸಿಗೆ ಬಂದ ಪ್ರತಿಯೊಬ್ಬರ ಧ್ವನಿಗೂ ಬೇರೆ ಫೈಲ್ ಹುಟ್ಟುತ್ತದೆ. ಪಾಡ್‌ಕಾಸ್ಟ್ ಎಡಿಟ್ ಮಾಡುವವರಿಗೆ ಅದು ಬೇಕು. ಪಾಠದಲ್ಲಿ ಮಕ್ಕಳು ಮ್ಯೂಟ್‌ನಲ್ಲೇ ಇರುವುದರಿಂದ ಆ ಫೈಲ್‌ಗಳಲ್ಲಿ ಇರುವುದು ಬಹುಪಾಲು ಮೌನ. ಧೈರ್ಯವಾಗಿ ತೆಗೆಯಬಹುದು. ಸಂಗೀತ ಕ್ಲಾಸಿನಲ್ಲಿ ಮಾತ್ರ ಒಂದು ಕ್ಷಣ ನಿಲ್ಲಿ. ಒಬ್ಬ ಶಿಷ್ಯೆ ಹಾಡಿದ್ದು ಮಾತ್ರ ಬೇರೆಯಾಗಿ ಬೇಕಿದ್ದರೆ ಅದು ಸಿಗುವುದು ಇಲ್ಲೇ.

ಅದೇ ಪುಟದಲ್ಲಿ `Optimize for 3rd party video editor` ಎಂಬ ಇನ್ನೊಂದು ಟಿಕ್ ಇದೆ. ಅದಿದ್ದರೆ `.mp4` ಫೈಲೇ ದಪ್ಪವಾಗುತ್ತದೆ. ವಿಡಿಯೊ ಎಡಿಟಿಂಗ್ ಮಾಡದವರು ಅದನ್ನೂ ತೆಗೆಯಬಹುದು.

ನಮ್ಮ ಟೀಚರ್ ಒಂದು ಕ್ಲಾಸನ್ನೂ ಕಳೆದುಕೊಳ್ಳದೆ ಇಲ್ಲಿಗೆ 28 ಜಿಬಿ ಬಿಡಿಸಿಕೊಂಡರು.

## ಲಕ್ಷಣ: ಅಳಿಸಿದ್ದೇನೆ, ಆದರೂ ಜಾಗ ಬಂದಿಲ್ಲ

ಮೊದಲು ಡೆಸ್ಕ್‌ಟಾಪಿನ `Recycle Bin` ನೋಡಿ. ಅಲ್ಲಿಗೆ ಹೋದ ಫೈಲ್ ಇನ್ನೂ ಅದೇ ಡ್ರೈವಿನಲ್ಲೇ ಕೂತಿರುತ್ತದೆ. ಹಾಗೆಂದು ಕೂಡಲೇ ಖಾಲಿ ಮಾಡಬೇಡಿ. ಅಳಿಸಿದ್ದರ ಪಟ್ಟಿಯನ್ನು ಅಲ್ಲೇ ಒಮ್ಮೆ ಓದಿ, ಸಂಶಯವಿದ್ದದ್ದನ್ನು `Restore` ಮಾಡಿ, ಆಮೇಲೆ ಖಾಲಿ ಮಾಡಿ. ಎಸ್‌ಎಸ್‌ಡಿಯಲ್ಲಿ ಒಮ್ಮೆ ಖಾಲಿಯಾದದ್ದು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಅಳಿಸಿದ ಭಾಗವನ್ನು ಎಸ್‌ಎಸ್‌ಡಿ ತಾನೇ ಒರೆಸಿಬಿಡುತ್ತದೆ, ರಿಕವರಿ ಸಾಫ್ಟ್‌ವೇರ್ ಹಾಕಿದರೂ ಅಲ್ಲಿ ಓದಲು ಏನೂ ಉಳಿದಿರುವುದಿಲ್ಲ. ತುಂಬ ದೊಡ್ಡ ಫೈಲ್ ಅಳಿಸುವಾಗ ಶಾಶ್ವತವಾಗಿ ಹೋಗುತ್ತದೆ ಎಂದು ವಿಂಡೋಸ್ ಕೇಳಿದರೆ ಅಭ್ಯಾಸಬಲದಿಂದ `Yes` ಒತ್ತಬೇಡಿ. ಅದು ಬಿನ್ನಿಗೂ ಹೋಗುವುದಿಲ್ಲ ಎಂದೇ ಆ ಪ್ರಶ್ನೆಯ ಅರ್ಥ.

ಬಿನ್ ಖಾಲಿ ಇದ್ದೂ ಜಾಗ ಬಂದಿಲ್ಲವೆಂದರೆ ನೀವು ಅಳಿಸಿದ್ದು ಲ್ಯಾಪ್‌ಟಾಪಿನಲ್ಲಿ ಇರಲೇ ಇಲ್ಲ ಎಂದಿರಬಹುದು. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ `Documents` ಫೋಲ್ಡರನ್ನೇ ಒನ್‌ಡ್ರೈವ್ ತನ್ನ ಬ್ಯಾಕಪ್‌ಗೆ ಸೇರಿಸಿಕೊಂಡಿರುವುದು ಸಾಮಾನ್ಯ. ರೆಕಾರ್ಡಿಂಗಿನ ಪಕ್ಕ ನೀಲಿ ಮೋಡದ ಗುರುತಿದ್ದರೆ ಅದು ಇಂಟರ್ನೆಟ್‌ನಲ್ಲಿ ಮಾತ್ರ ಇದೆ, ಇಲ್ಲಿ ಬರೀ ಹೆಸರು. ಹಸಿರು ಟಿಕ್ ಇದ್ದರೆ ಇಲ್ಲೂ ಇದೆ. ಖಚಿತವಾಗಿ ತಿಳಿಯಲು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Properties` ನೋಡಿ. `Size` 600 ಎಂಬಿ ಇದ್ದು `Size on disk` ಸೊನ್ನೆ ಇದ್ದರೆ ಆ ಫೈಲ್ ಲ್ಯಾಪ್‌ಟಾಪಿನಲ್ಲಿ ಜಾಗ ಹಿಡಿದಿಲ್ಲ. ಮೇಲಿನ ಕಮಾಂಡ್ ಇಂಥ ಫೈಲಿನ ಪೂರ್ತಿ ಗಾತ್ರವನ್ನೇ ಕೂಡಿಸುತ್ತದೆ, ಆದ್ದರಿಂದ ಮೋಡದ ಗುರುತು ಕಂಡವರು ಆ ಲೆಕ್ಕವನ್ನು ಹಾಗೆಯೇ ನಂಬಬಾರದು.

## ಲಕ್ಷಣ: ಒನ್‌ಡ್ರೈವ್ ತುಂಬಿದೆ ಎಂಬ ಎಚ್ಚರಿಕೆ ಪದೇ ಪದೇ ಬರುತ್ತಿದೆ

ಉಚಿತ ಒನ್‌ಡ್ರೈವ್ ಕೊಡುವುದು 5 ಜಿಬಿ. ರೆಕಾರ್ಡಿಂಗ್‌ಗಳು ಅದರೊಳಗೆ ಹೋಗುತ್ತಿದ್ದರೆ ಕೆಲವೇ ವಾರಗಳಲ್ಲಿ ತುಂಬುತ್ತದೆ, ಅದರ ನಂತರ ನಿಮ್ಮ ಬೇರೆ ಕಾಗದಪತ್ರಗಳ ಬ್ಯಾಕಪ್ಪೂ ನಿಂತುಹೋಗುತ್ತದೆ. ನಿಜವಾದ ನಷ್ಟ ಅದೇ.

ಇಲ್ಲಿ ಅನೇಕರು ಮುಗ್ಗರಿಸುವ ಒಂದು ಜಾಗವಿದೆ. ಒನ್‌ಡ್ರೈವ್ ಖಾಲಿ ಮಾಡಲು ಬ್ರೌಸರಿನಲ್ಲಿ ಅದನ್ನು ತೆರೆದು ರೆಕಾರ್ಡಿಂಗ್ ಅಳಿಸುತ್ತಾರೆ, ಲ್ಯಾಪ್‌ಟಾಪಿನಲ್ಲಿ ಹೇಗೂ ಇದೆಯಲ್ಲ ಎಂದು. ಇರುವುದಿಲ್ಲ. ಎರಡೂ ಕಡೆ ಇರುವುದು ಒಂದೇ ಫೈಲ್, ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯಿಂದಲೂ ಹೋಗುತ್ತದೆ. ಹಾಗೆ ಆಗಿಬಿಟ್ಟಿದ್ದರೆ ಒನ್‌ಡ್ರೈವ್ ವೆಬ್‌ಸೈಟಿನ `Recycle bin` ನೋಡಿ. ವೈಯಕ್ತಿಕ ಖಾತೆಯಲ್ಲಿ ಅಳಿಸಿದ್ದು ಅಲ್ಲಿ 30 ದಿನ ಇರುತ್ತದೆ.

ಸರಿಯಾದ ದಾರಿ ಹೀಗೆ. ಮೊದಲು ಒನ್‌ಡ್ರೈವ್‌ಗೆ ಸೇರದ ಜಾಗದಲ್ಲಿ, ಅಂದರೆ `D:\Recordings` ಅಥವಾ ಒಂದೇ ಡ್ರೈವ್ ಇದ್ದರೆ `C:\Recordings` ಎಂದು ಫೋಲ್ಡರ್ ಮಾಡಿ. ಝೂಮ್ ಸೆಟ್ಟಿಂಗ್ಸ್‌ನ `Recording` ಪುಟದಲ್ಲಿ ರೆಕಾರ್ಡಿಂಗ್ ಇಡುವ ಜಾಗವನ್ನು ಅಲ್ಲಿಗೆ ಬದಲಿಸಿ. ಇದರಿಂದ ಹಳೆಯವು ತಾವಾಗಿ ಸರಿಯುವುದಿಲ್ಲ, ಮುಂದಿನವು ಮಾತ್ರ ಅಲ್ಲಿಗೆ ಬೀಳುತ್ತವೆ. ಹಳೆಯವನ್ನು ಕಾಪಿ ಮಾಡಿ, ಎರಡು ಮೂರು ಫೈಲ್ ಓಡಿಸಿ ನೋಡಿ, ಆಮೇಲೆ ಒನ್‌ಡ್ರೈವ್‌ನಲ್ಲಿದ್ದದ್ದನ್ನು ಅಳಿಸಿ. ನೀಲಿ ಮೋಡದ ಗುರುತಿದ್ದವು ಕಾಪಿ ಆಗುವ ಮೊದಲು ಡೌನ್‌ಲೋಡ್ ಆಗಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಇನ್ನೊಂದು ಎಚ್ಚರಿಕೆ: ರೆಕಾರ್ಡಿಂಗ್ ನಡೆಯುವಾಗ ನೇರವಾಗಿ ಪೆನ್‌ಡ್ರೈವ್‌ಗಾಗಲಿ ಒನ್‌ಡ್ರೈವ್‌, ಗೂಗಲ್ ಡ್ರೈವ್ ಫೋಲ್ಡರಿಗಾಗಲಿ ಬರೆಯುವಂತೆ ಇಡಬಾರದು. ಝೂಮ್ ಇನ್ನೂ ಬರೆಯುತ್ತಿರುವ ಫೈಲನ್ನು ಇನ್ನೊಂದು ಸಾಫ್ಟ್‌ವೇರ್ ಎಳೆದುಕೊಳ್ಳಲು ಹೋದರೆ ಪರಿವರ್ತನೆ ಕೆಡಬಹುದು. ಮೊದಲು ಲ್ಯಾಪ್‌ಟಾಪಿನ ಒಳಗಿನ ಡ್ರೈವಿಗೆ ಬರೆಯಲಿ, ಮುಗಿದ ಮೇಲೆ ಸಾಗಿಸಿ.

## ಲಕ್ಷಣ: ಫೋಲ್ಡರ್ ಇದೆ, ವಿಡಿಯೊ ಇಲ್ಲ

`double_click_to_convert_01.zoom` ಎಂಬ ಫೈಲ್ ಮಾತ್ರ ಕಾಣುತ್ತಿದೆ. ಮೀಟಿಂಗ್ ಮುಗಿದೊಡನೆ ಲ್ಯಾಪ್‌ಟಾಪ್ ಮುಚ್ಚಿದರೆ ಅಥವಾ ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದೆ ಕರೆಂಟ್ ಹೋದರೆ ಹೀಗಾಗುತ್ತದೆ. ಮಳೆಗಾಲದ ಸಂಜೆ ಬ್ಯಾಚುಗಳಲ್ಲಿ ಇದು ಹೆಚ್ಚು. ಪರಿವರ್ತನೆಗೆ ಜಾಗ ಸಾಲದಿದ್ದರೂ ಇದೇ ಫಲ, ಅಂದರೆ ಡ್ರೈವ್ ತುಂಬಿದಾಗ ಈ ತೊಂದರೆ ತಾನಾಗಿಯೇ ಜೊತೆಗೆ ಬರುತ್ತದೆ.

ಮೊದಲು ಕೆಲವು ಜಿಬಿಯಾದರೂ ಜಾಗ ಮಾಡಿಕೊಳ್ಳಿ. ಆ ಫೋಲ್ಡರನ್ನು ಇದ್ದಹಾಗೆಯೇ ಇನ್ನೊಂದು ಕಡೆ ಕಾಪಿ ಮಾಡಿಡಿ. ಒಳಗಿನ ಯಾವ ಫೈಲಿನ ಹೆಸರನ್ನೂ ಬದಲಿಸಬೇಡಿ, ಒಂದನ್ನು ಬಿಟ್ಟು ಇನ್ನೊಂದನ್ನು ಸರಿಸಬೇಡಿ. ಅವು ಒಂದನ್ನೊಂದು ಹೆಸರಿನಿಂದಲೇ ಹುಡುಕುತ್ತವೆ. ಝೂಮ್ ಅಪ್‌ಡೇಟ್ ಮಾಡಿ, ಆ ಫೈಲನ್ನು ಡಬಲ್ ಕ್ಲಿಕ್ ಮಾಡಿ, ಚಾರ್ಜರ್ ಹಾಕಿ ಬಿಡಿ. ಮತ್ತೆ ಅದೇ ದೋಷ ಬಂದರೆ ಇನ್ನೊಮ್ಮೆ ಮಾಡಬಹುದು. ಆಗಲೂ ಆಗದಿದ್ದರೆ ಕಚ್ಚಾ ಫೈಲೇ ಅರ್ಧಕ್ಕೆ ತುಂಡಾಗಿರಬಹುದು. ಇಂಟರ್ನೆಟ್‌ನಲ್ಲಿ ಸಿಗುವ ಯಾವುದೋ ರಿಪೇರಿ ಸೈಟಿಗೆ ಮಕ್ಕಳ ಮುಖ, ಧ್ವನಿ ಇರುವ ಫೈಲನ್ನು ಅಪ್‌ಲೋಡ್ ಮಾಡಬೇಡಿ. ಆ ಪಾಠವನ್ನು ಮತ್ತೊಂದು ಬ್ಯಾಚಿಗೆ ಮಾಡಿದ್ದೀರಾ ನೋಡಿ. ಇದ್ದರೆ ಇದನ್ನು ಬಿಟ್ಟುಬಿಡಿ.

## ಲಕ್ಷಣ: ಫೈಲ್‌ಗಳೆಲ್ಲ ಚೆನ್ನಾಗಿವೆ, ಆದರೆ ಯಾವುದು ಬೇಕು ಯಾವುದು ಬೇಡ ಗೊತ್ತಾಗುತ್ತಿಲ್ಲ

ಮೇಲಿನದೆಲ್ಲ ಗುಡಿಸುವ ಕೆಲಸ. ಆರಿಸುವ ಕೆಲಸ ಶುರುವಾಗುವುದು ಇಲ್ಲಿಂದ. 120 ಗಂಟೆಯನ್ನು ಕೂತು ನೋಡಲು ಯಾರಿಂದಲೂ ಆಗದು, ಆದ್ದರಿಂದ ಫೈಲನ್ನು ತೆರೆಯದೆಯೇ ಅದರೊಳಗೆ ಏನಿದೆ ಎಂದು ಊಹಿಸುವ ಒಂದು ಅಳತೆ ಬೇಕು.

ಆ ಅಳತೆ ಗಂಟೆಗೆ ಎಷ್ಟು ಎಂಬಿ ಎಂಬುದು. ಝೂಮ್ ಕೊಡುವ ಅಂದಾಜಿನಲ್ಲಿ ಬರೀ ಸ್ಕ್ರೀನ್ ಹಂಚಿಕೊಂಡ ರೆಕಾರ್ಡಿಂಗ್ ಗಂಟೆಗೆ ಸುಮಾರು 20 ಎಂಬಿ, ಮುಖಗಳ ವಿಡಿಯೊ ಗಂಟೆಗೆ ಸುಮಾರು 200 ಎಂಬಿ. ನಿಮ್ಮಲ್ಲಿ ಅಂಕಿ ಹೆಚ್ಚಿರಬಹುದು, ಆದರೆ ಎರಡರ ನಡುವೆ ದೊಡ್ಡ ಅಂತರ ಇದ್ದೇ ಇರುತ್ತದೆ. ಬೋರ್ಡಿನ ಮೇಲೆ ಬರೆದದ್ದು ಹೆಚ್ಚು ಹೊತ್ತು ಅಲುಗಾಡದೆ ನಿಂತಿರುತ್ತದೆ, ಅದನ್ನು ಕಡಿಮೆ ಜಾಗದಲ್ಲಿ ಹಿಡಿಸಬಹುದು. ಹತ್ತು ಕ್ಯಾಮೆರಾಗಳ ಮುಖಗಳು ಕ್ಷಣಕ್ಷಣವೂ ಅಲುಗಾಡುತ್ತವೆ. ಇದರಿಂದ ಪಾಠದ ವಿಷಯದಲ್ಲಿ ನಮಗೆ ಅನುಕೂಲವೇ ಆಗುತ್ತದೆ: ಹೆಚ್ಚು ಜಾಗ ತಿನ್ನುವವು ಮತ್ತೆ ನೋಡಬೇಕಿಲ್ಲದವೇ ಆಗಿರುತ್ತವೆ.

ಫೈಲ್ ಎಕ್ಸ್‌ಪ್ಲೋರರಿನಲ್ಲಿ `Zoom` ಫೋಲ್ಡರ್ ತೆರೆದು ಹುಡುಕುವ ಪೆಟ್ಟಿಗೆಯಲ್ಲಿ `*.mp4` ಎಂದು ಬರೆಯಿರಿ. `Details` ನೋಟಕ್ಕೆ ಬದಲಿಸಿ, ಮೇಲಿನ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Length` ಸೇರಿಸಿ. ಈಗ ಗಾತ್ರವೂ ಅವಧಿಯೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ಗಾತ್ರದ ಪ್ರಕಾರ ಜೋಡಿಸಿ.

ನಮ್ಮ ಟೀಚರ ಪಟ್ಟಿಯಲ್ಲಿ ಎರಡು ಗುಂಪು ಸ್ಪಷ್ಟವಾಗಿ ಬೇರೆಯಾಗುತ್ತವೆ. ಒಂದೂವರೆ ಗಂಟೆಗೆ 200 ಎಂಬಿ ಸುಮಾರಿನ 60 ಫೈಲ್, ಒಟ್ಟು 12 ಜಿಬಿ. ಅಷ್ಟೇ ಹೊತ್ತಿಗೆ 600 ಎಂಬಿ ಸುಮಾರಿನ 20 ಫೈಲ್, ಅವೂ 12 ಜಿಬಿ. ಮೊದಲನೆಯ ಗುಂಪು ಬೋರ್ಡಿನ ಮೇಲಿನ ಪಾಠ. ಎರಡನೆಯದು ಮಕ್ಕಳು ಕ್ಯಾಮೆರಾ ಹಾಕಿಕೊಂಡು ಬರೆದ ಟೆಸ್ಟ್‌ಗಳು 12, ಡೌಟ್ ಕ್ಲಾಸ್‌ಗಳು 8. ಕಾಲು ಭಾಗದಷ್ಟು ಕ್ಲಾಸ್‌ಗಳು ಅರ್ಧ ಜಾಗ ಹಿಡಿದಿವೆ.

ಭಾರದ ಗುಂಪನ್ನು ಮೊದಲು ತೆಗೆದುಕೊಳ್ಳಿ. ಟೆಸ್ಟ್ ರೆಕಾರ್ಡಿಂಗಿನಲ್ಲಿ ಮಕ್ಕಳು ಮೌನವಾಗಿ ಬರೆಯುವ ಒಂದು ಗಂಟೆ ಯಾರಿಗೂ ಬೇಡ. ಬೇಕಿರುವುದು ಕೊನೆಯ ಇಪ್ಪತ್ತು ನಿಮಿಷದ ಉತ್ತರ ಚರ್ಚೆ, ಯಾಕೆಂದರೆ ಯಾವ ಹೆಜ್ಜೆಗೆ ಅಂಕ ಹೋಗುತ್ತದೆ ಎಂಬುದು ಪಾಠದಲ್ಲಿ ಬರುವುದಿಲ್ಲ, ಅಲ್ಲಿ ಮಾತ್ರ ಬರುತ್ತದೆ. ಒಂದೇ ಪ್ರಶ್ನೆಪತ್ರಿಕೆಯನ್ನು ಎರಡು ಬ್ಯಾಚಿಗೂ ಕೊಟ್ಟಿದ್ದರೆ ಆರು ಚರ್ಚೆ ಉಳಿಸಿದರೆ ಸಾಕು. ಡೌಟ್ ಕ್ಲಾಸಿನಲ್ಲಿ ತಲಾ ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಆ ತುಂಡುಗಳನ್ನು ಎಲ್ಲಿ ಹುಡುಕುವುದು? `chat.txt` ತೆರೆಯಿರಿ. ಅದರಲ್ಲಿ ಪ್ರತಿ ಸಾಲಿನ ಮುಂದೆ ಸಮಯವಿದೆ. ಮಕ್ಕಳು ಪ್ರಶ್ನೆಯ ನಂಬರ್ ಹಾಕಿದ ಹೊತ್ತನ್ನು ನೋಡಿಕೊಂಡು ವಿಡಿಯೊದಲ್ಲಿ ಅಲ್ಲಿಗೇ ಹೋಗಬಹುದು. ಆ ಸಮಯ ಗಡಿಯಾರದ್ದಾಗಿದ್ದರೆ ರೆಕಾರ್ಡಿಂಗ್ ಶುರುವಾದ ಹೊತ್ತನ್ನು ಅದರಿಂದ ಕಳೆಯಿರಿ.

ಕತ್ತರಿಸಲು ಲಾಸ್‌ಲೆಸ್‌ಕಟ್ ಎಂಬ ಉಚಿತ ಸಾಫ್ಟ್‌ವೇರ್ ಸುಲಭ. ಕಮಾಂಡ್ ಅಭ್ಯಾಸವಿದ್ದವರು ಎಫ್‌ಎಫ್‌ಎಂಪೆಗ್ ಬಳಸಬಹುದು. 1 ಗಂಟೆ 5 ನಿಮಿಷದಿಂದ 20 ನಿಮಿಷ ಬೇಕೆಂದರೆ:

```
ffmpeg -ss 01:05:00 -i in.mp4 -t 00:20:00 -c copy out.mp4
```

`-c copy` ಇರುವುದರಿಂದ ಗುಣಮಟ್ಟ ಕೆಡುವುದಿಲ್ಲ, ಕೆಲಸ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ಕತ್ತರಿ ಹೇಳಿದ ಸೆಕೆಂಡಿಗೇ ಕರಾರುವಾಕ್ಕಾಗಿ ಬೀಳುವುದಿಲ್ಲ, ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಎರಡೂ ತುದಿಯಲ್ಲಿ ಹದಿನೈದು ಸೆಕೆಂಡ್ ಹೆಚ್ಚು ಬಿಡಿ. `out.mp4` ಓಡಿಸಿ ನೋಡುವವರೆಗೆ ಮೂಲ ಫೈಲ್ ಇರಲಿ.

ಈಗ 60 ಪಾಠ. ಇವು ನಿಜದಲ್ಲಿ 30 ಪಾಠಗಳು, ಎರಡು ಬ್ಯಾಚಿಗೆ ಎರಡೆರಡು ಸಲ. ಬೆಳಗಿನ ಬ್ಯಾಚಿನದು ಪೂರ್ತಿ ಇಟ್ಟು ಸಂಜೆಯದು ಪೂರ್ತಿ ತೆಗೆಯುವುದು ಸುಲಭವಾಗಿ ಕಂಡರೂ ಹಾಗೆ ಮಾಡಬಾರದು. ಒಂದೊಂದು ಪಾಠಕ್ಕೂ ಎರಡರಲ್ಲಿ ಚೆನ್ನಾಗಿರುವುದನ್ನು ಆರಿಸಬೇಕು. ಹೆಡ್‌ಫೋನ್ ಹಾಕಿಕೊಂಡು ಮೂರು ಜಾಗ ಕೇಳಿ: ಐದನೆಯ ನಿಮಿಷ, ನಡುಭಾಗ, ಕೊನೆಯ ಐದು ನಿಮಿಷ. ಮೈಕ್ ತಪ್ಪಾಗಿ ಆಯ್ಕೆಯಾಗಿದ್ದರೆ ಮೊದಲ ಜಾಗದಲ್ಲೇ ಗೊತ್ತಾಗುತ್ತದೆ. ನೆಟ್ ಕೈಕೊಟ್ಟದ್ದು ನಡುವೆ ಸಿಗುತ್ತದೆ. ಅರ್ಧಕ್ಕೆ ನಿಂತ ರೆಕಾರ್ಡಿಂಗ್ ಕೊನೆಯಲ್ಲಿ ಸಿಕ್ಕಿಬೀಳುತ್ತದೆ. ಪಾಠವೊಂದಕ್ಕೆ ಮೂರು ನಾಲ್ಕು ನಿಮಿಷ ಸಾಕು. ಎರಡೂ ಸಮನಾಗಿದ್ದರೆ ಮಕ್ಕಳ ಹೆಸರು, ಮುಖ ಕಡಿಮೆ ಬಂದಿರುವುದನ್ನು ಉಳಿಸಿ. ಮುಂದಿನ ವರ್ಷದ ಮಕ್ಕಳಿಗೆ ತೋರಿಸುವಾಗ ಅದೇ ಉಪಯೋಗಕ್ಕೆ ಬರುತ್ತದೆ.

ಹೀಗೆ ಉಳಿದದ್ದು 30 ಪಾಠ, 6 ಜಿಬಿ. ಚರ್ಚೆ, ಡೌಟ್ ತುಂಡುಗಳು ಸೇರಿದರೂ ಒಟ್ಟು 8 ಜಿಬಿ ದಾಟುವುದಿಲ್ಲ. ಉಳಿಸಿಕೊಂಡ ವಿಡಿಯೊಗಳ `.m4a`ಯನ್ನೂ ತೆಗೆಯಬಹುದು, ಆ ಧ್ವನಿ ವಿಡಿಯೊದಲ್ಲೇ ಇದೆ. ಪ್ರಯಾಣದಲ್ಲಿ ಕೇಳುವ ವಿದ್ಯಾರ್ಥಿಗಳಿದ್ದರೆ ಮಾತ್ರ ಬಿಡಿ.

ಆರಿಸಿದೊಡನೆ ಹೆಸರಿಡಿ. `video1839204417.mp4` ಎಂಬ ಹೆಸರಿನಲ್ಲಿ ಉಳಿಸಿದ್ದು ಆರು ತಿಂಗಳಿಗೆ ಯಾರಿಗೂ ಸಿಗುವುದಿಲ್ಲ. `2PU-maths-ch07-L2-2025-08-18.mp4` ಎಂದಿದ್ದರೆ ಅನುಕಲನದ ಎರಡನೆಯ ಪಾಠ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಅಧ್ಯಾಯಕ್ಕೆ `7` ಬದಲು `07` ಹಾಕಿದರೆ ಪಟ್ಟಿ ಸರಿಯಾದ ಕ್ರಮದಲ್ಲಿ ನಿಲ್ಲುತ್ತದೆ.

ಎಂದಿಗೆ ಅಳಿಸುವುದು ಎಂಬುದಕ್ಕೂ ಒಂದು ಮಾತು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಈಗ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಎರಡಕ್ಕೂ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತದೆ. ಪರೀಕ್ಷೆ-1 ಮುಗಿದೊಡನೆ ಡ್ರೈವ್ ಖಾಲಿ ಮಾಡಿದರೆ ಅದರ ಮುಂದಿನ ಪರೀಕ್ಷೆ ಬರೆಯುವ ಮಕ್ಕಳು ಹಳೆಯ ಪಾಠ ಕೇಳಿಕೊಂಡು ಬರುತ್ತಾರೆ, ಅವರಿಗೇ ಅದು ಎಲ್ಲರಿಗಿಂತ ಹೆಚ್ಚು ಬೇಕಿರುತ್ತದೆ. ಆ ವರ್ಷದ ಕೊನೆಯ ಪರೀಕ್ಷೆಯ ಫಲಿತಾಂಶದವರೆಗೆ ಕಾಯಿರಿ.

ಗಂಟೆಗೆ ಎಂಬಿ ಲೆಕ್ಕ ಸುಳ್ಳಾಗುವ ಕಡೆಗಳೂ ಇವೆ. ಭರತನಾಟ್ಯ, ಮೃದಂಗ, ವೀಣೆ ಕ್ಲಾಸಿನಲ್ಲಿ ಕಲಿಯಬೇಕಾದದ್ದು ಕೈಯ, ಕಾಲಿನ ಚಲನೆಯಲ್ಲೇ ಇದೆ. ಅಲ್ಲಿ ಭಾರದ ಫೈಲೇ ಉಳಿಸಬೇಕಾದ ಫೈಲ್. ಗಾಯನದಲ್ಲಿ ತಿರುಗುಮುರುಗು, ಬಹಳ ಸಲ `.m4a` ಒಂದೇ ಸಾಕು. ಇನ್ನು ಝೂಮ್ ಬದಲು ಒಬಿಎಸ್‌ನಲ್ಲಿ ಒಂದೇ ಬಿಟ್‌ರೇಟ್ ಹಾಕಿ ರೆಕಾರ್ಡ್ ಮಾಡುವವರಿಗೆ ಬೋರ್ಡೂ ಮುಖವೂ ಒಂದೇ ತೂಕ. 2500 ಕೆಬಿಪಿಎಸ್ ಇದ್ದರೆ ಗಂಟೆಗೆ 1.1 ಜಿಬಿ ಆಸುಪಾಸು. ಅವರು ಮೊದಲು ನೋಡಬೇಕಾದದ್ದು `Videos` ಫೋಲ್ಡರಿನಲ್ಲಿ ಒಂದೇ ಹೆಸರಿನ `.mkv`, `.mp4` ಎರಡೂ ಇವೆಯೇ ಎಂದು. ರೀಮಕ್ಸ್ ಮಾಡಿದ ಮೇಲೆ, ಅಂದರೆ `.mkv`ಯನ್ನು `.mp4` ಆಗಿ ಬದಲಿಸಿದ ಮೇಲೆ, ಹಳೆಯದು ಹಾಗೆಯೇ ಉಳಿಯುತ್ತದೆ.

ಸಂಘದ ಸಭೆಗಳಿಗೆ ಅಳತೆ ಬೇರೆ. ಅಲ್ಲಿ ದಾಖಲೆ ಎಂದರೆ ನಡಾವಳಿ ಪುಸ್ತಕ, ರೆಕಾರ್ಡಿಂಗ್ ಅದನ್ನು ಬರೆಯಲು ಬೇಕಾದ ಸಾಮಗ್ರಿ. ಮುಂದಿನ ಸಭೆಯಲ್ಲಿ ನಡಾವಳಿ ಓದಿ ಒಪ್ಪಿಗೆಯಾಗುವವರೆಗೆ ರೆಕಾರ್ಡಿಂಗ್ ಇರಲೇಬೇಕು, ಆಮೇಲೆ ತೆಗೆಯಬಹುದು. ಮೇಂಟೆನೆನ್ಸ್ ಬಾಕಿ, ಚುನಾವಣೆ, ಗುತ್ತಿಗೆದಾರರ ಹಣ ಇಂಥ ವಿಚಾರದಲ್ಲಿ ತಕರಾರು ಇನ್ನೂ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಪೂರ್ತಿಯಾಗಿ, ಕತ್ತರಿಸದೆ ಇಡಿ. ತುಂಡು ಮಾಡಿದ ರೆಕಾರ್ಡಿಂಗನ್ನು ಜಗಳದಲ್ಲಿ ಯಾರೂ ನಂಬುವುದಿಲ್ಲ.

## ಲಕ್ಷಣ: ಪೆನ್‌ಡ್ರೈವ್‌ನಲ್ಲಿ ಜಾಗವಿದೆ, ಆದರೂ ಕಾಪಿ ಆಗುತ್ತಿಲ್ಲ

ಫೈಲ್ ತುಂಬ ದೊಡ್ಡದು ಎಂಬ ಸಂದೇಶ ಬಂದರೆ ಪೆನ್‌ಡ್ರೈವ್ `FAT32` ರೂಪದಲ್ಲಿದೆ. ಅದರಲ್ಲಿ ಎಷ್ಟೇ ಜಾಗವಿದ್ದರೂ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ. ಒಬಿಎಸ್‌ನ ನಾಲ್ಕು ಗಂಟೆಯ ಕಾರ್ಯಾಗಾರಗಳು ಸಿಕ್ಕಿಕೊಳ್ಳುವುದು ಇಲ್ಲೇ. ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಬೇರೆಡೆಗೆ ತೆಗೆದು, ರೈಟ್ ಕ್ಲಿಕ್ ಮಾಡಿ `Format` ಒತ್ತಿ `exFAT` ಆರಿಸಿ. ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದದ್ದೆಲ್ಲ ಹೋಗುತ್ತದೆ. ಒತ್ತುವ ಮೊದಲು ಡ್ರೈವಿನ ಅಕ್ಷರವನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಸಾಗಿಸಿ ಲ್ಯಾಪ್‌ಟಾಪಿನಿಂದ ಅಳಿಸಿದರೆ ಅದು ಬ್ಯಾಕಪ್ ಅಲ್ಲ, ಪ್ರತಿ ಆಗಲೂ ಒಂದೇ. ಆರಿಸಿದ 8 ಜಿಬಿ ಎರಡು ಕಡೆ ಇರಲಿ. ತೆಗೆಯಬೇಕೆಂದವನ್ನು ಕೂಡಲೇ ಅಳಿಸದೆ ಹಾರ್ಡ್ ಡಿಸ್ಕಿನಲ್ಲಿ `delete-after` ಎಂಬ ಫೋಲ್ಡರಿಗೆ ಹಾಕಿ ಒಂದು ತಿಂಗಳು ಬಿಡಿ. ಆ ತಿಂಗಳಲ್ಲಿ ಯಾರೂ ಕೇಳದಿದ್ದರೆ ಅಳಿಸಿ.

## ಯಾವಾಗ ಕೈ ಬಿಡಬೇಕು, ಯಾವುದನ್ನು ಮುಟ್ಟಬಾರದು

ಕಂಪನಿಯ ಲ್ಯಾಪ್‌ಟಾಪಿನಲ್ಲಿರುವ ಮೀಟಿಂಗ್ ರೆಕಾರ್ಡಿಂಗ್‌ಗಳ ಮೇಲೆ ಈ ಯಾವ ವಿಧಾನವನ್ನೂ ಪ್ರಯೋಗಿಸಬೇಡಿ. ಅವನ್ನು ಎಷ್ಟು ಕಾಲ ಇಡಬೇಕು ಎಂದು ಹೇಳುವುದು ಕಂಪನಿ. ಐಟಿ ವಿಭಾಗಕ್ಕೆ ಟಿಕೆಟ್ ಹಾಕಿ, ಸ್ವಂತ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳುವುದಂತೂ ಬೇಡ.

ಪಾಠದ ಫೋಲ್ಡರನ್ನು ಇಡಿಯಾಗಿ ಯಾರಿಗೂ ಕಳಿಸಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿದ `chat.txt`ನಲ್ಲಿ ಎಲ್ಲರಿಗೂ ಬರೆದದ್ದರ ಜೊತೆ ನಿಮಗೊಬ್ಬರಿಗೇ ಖಾಸಗಿಯಾಗಿ ಬರೆದದ್ದೂ ಇರಬಹುದು: ಫೋನ್ ನಂಬರ್, ಫೀಸ್ ಬಾಕಿಯ ಮಾತು, ಹುಷಾರಿಲ್ಲದ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ, ಅವರ ದತ್ತಾಂಶಕ್ಕೆ ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ಪಿಯು ಮಕ್ಕಳಲ್ಲಿ ಬಹುಪಾಲು ಆ ವಯಸ್ಸಿನೊಳಗಿನವರು. ಅವರು ಕಾಣುವ ವಿಡಿಯೊವನ್ನು ಯೂಟ್ಯೂಬಿಗೆ ಹಾಕುವ ಮೊದಲು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಬೇಕಾದದ್ದನ್ನೇ ಅಳಿಸಿಬಿಟ್ಟಿದ್ದರೆ ಆ ಡ್ರೈವಿಗೆ ಇನ್ನೇನನ್ನೂ ಬರೆಯಬೇಡಿ. ಹೊಸ ರೆಕಾರ್ಡಿಂಗ್ ಬೇಡ, ರಿಕವರಿ ಸಾಫ್ಟ್‌ವೇರನ್ನು ಅದೇ ಡ್ರೈವಿಗೆ ಇನ್‌ಸ್ಟಾಲ್ ಮಾಡುವುದೂ ಬೇಡ. ಹಳೆಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅಥವಾ ಅದು ಕಂಡು ಮತ್ತೆ ಮಾಯವಾಗುತ್ತಿದ್ದರೆ ಕೂಡಲೇ ಕೇಬಲ್ ಕಳಚಿ. ಇನ್ನೊಮ್ಮೆ ಹಾಕಿ ನೋಡೋಣ ಎಂದು ಪ್ರಯತ್ನಿಸಿದಷ್ಟೂ ಒಳಗಿನ ತಟ್ಟೆ ಗೀರಿಕೊಳ್ಳುತ್ತದೆ. ಎಸ್‌.ಪಿ. ರೋಡಿನಲ್ಲಿ ಡಿಸ್ಕ್ ಮಾರುವ ಅಂಗಡಿಗಳು ಬಹಳ, ಆದರೆ ಡೇಟಾ ರಿಕವರಿಗೆ ಧೂಳಿಲ್ಲದ ಕೋಣೆ ಬೇಕು. ಡಿಸ್ಕನ್ನು ಅಂಗಡಿಯ ಮೇಜಿನ ಮೇಲೆಯೇ ಬಿಚ್ಚಲು ಹೊರಟವರಿಗೆ ಕೊಡಬೇಡಿ. ಮೊದಲು ಪರೀಕ್ಷಿಸಿ ಎಷ್ಟಾಗುತ್ತದೆ ಎಂದು ಬರೆದುಕೊಡುತ್ತೀರಾ, ಫೈಲ್ ಸಿಗದಿದ್ದರೆ ಎಷ್ಟು ತೆಗೆದುಕೊಳ್ಳುತ್ತೀರಿ, ಡಿಸ್ಕ್ ವಾಪಸ್ ಕೊಟ್ಟ ಮೇಲೆ ನಿಮ್ಮಲ್ಲಿ ಉಳಿಯುವ ಪ್ರತಿಯನ್ನು ಅಳಿಸುತ್ತೀರಾ ಎಂದು ಡಿಸ್ಕ್ ಕೈಗೆ ಕೊಡುವ ಮುಂಚೆಯೇ ಕೇಳಿ.